ಜನವರಿಯಲ್ಲಿ ಕಟ್ಟಬೇಕಾದ ಸಾಲ ಆಗಸ್ಟ್‌ನಲ್ಲೇ ಸುಸ್ತಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ಹಳ್ಳಿಯವಳು. ನಮ್ಮ ಮಹಿಳಾ ಸ್ವಸಹಾಯ ಸಂಘದ ಪುಸ್ತಕ ಬರೆಯುವ ಕೆಲಸ ನನ್ನದು. ನಾನು ಅನುದಾನ ಕೇಳುತ್ತಿಲ್ಲ. ಮಾಸಿಕ ವರದಿಯ ನಮೂನೆಯಲ್ಲಿ ಒಂದು ಕಾಲಂ ಸರಿಮಾಡಿಸಿ ಕೊಡಿ, ಅಷ್ಟೇ.

ಆಗಸ್ಟ್ ತಿಂಗಳ ಸಭೆಯ ಲೆಕ್ಕವನ್ನೇ ಹೇಳುತ್ತೇನೆ. ಸದಸ್ಯರು 15 ಜನ. ತಲಾ 200 ರೂಪಾಯಿಯಂತೆ ಉಳಿತಾಯ 3,000 ಬಂತು. ನಾಟಿಗೆ ಹೋಗಿದ್ದ ಒಬ್ಬರು ಮಗಳ ಕೈಲಿ ಕೊಟ್ಟು ಕಳಿಸಿದ್ದರು. ಸಾಲದ ಅಸಲು ವಸೂಲಾಗಿದ್ದು 4,000. ಹೊರಬಾಕಿ 62,000ಕ್ಕೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿಯಂತೆ ಬಡ್ಡಿ 620. ಪೆಟ್ಟಿಗೆಯಲ್ಲಿ ಹಿಂದಿನ ತಿಂಗಳು ಉಳಿದಿದ್ದು 1,150. ಎಲ್ಲ ಸೇರಿ 8,770. ಅದರಲ್ಲಿ ಕಾಲೇಜು ಫೀಸಿಗೆ ಅಂತ ಒಬ್ಬರಿಗೆ 5,000, ಸೋರುವ ಮಾಡಿಗೆ ಶೀಟು ಹಾಕಿಸಲು ಇನ್ನೊಬ್ಬರಿಗೆ 3,000 ಕೊಟ್ಟೆವು. ಉಳಿದ 770ನ್ನು ಎಲ್ಲರೆದುರು ಎಣಿಸಿ, ಸಹಿ ಹಾಕಿಸಿ, ಪೆಟ್ಟಿಗೆಗೆ ಬೀಗ ಹಾಕಿದೆವು.

ಇಲ್ಲಿಯವರೆಗೆ ಜಗಳವಿಲ್ಲ. ಜಗಳ ಇರುವುದು 'ವಸೂಲಾಗಬೇಕಾದ ಕಂತು' ಎನ್ನುವ ಜಾಗದಲ್ಲಿ.

ಜೂನ್‌ನಲ್ಲಿ ಒಬ್ಬ ಸದಸ್ಯೆಗೆ 20,000 ಸಾಲ ಕೊಟ್ಟಿದ್ದೆವು. ಅರ್ಧ ಎಕರೆ ಅಡಿಕೆ ತೋಟ ಅವರದು. ಮಳೆ ಹಿಡಿಯುವ ಮೊದಲು ಒಂದು ಸಲ, ಒಂದೂವರೆ ತಿಂಗಳಿಗೆ ಇನ್ನೊಂದು ಸಲ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸಬೇಕು. ಇಲ್ಲದಿದ್ದರೆ ಕೊಳೆರೋಗ ಬಂದು ಕಾಯೆಲ್ಲ ಉದುರಿ ಹೋಗುತ್ತದೆ. ಮೈಲುತುತ್ತ, ಸುಣ್ಣ, ಮರ ಹತ್ತುವವರ ಕೂಲಿ, ಎಲ್ಲಕ್ಕೂ ಕೈಯಲ್ಲಿ ದುಡ್ಡಿಲ್ಲದ ಹೊತ್ತಲ್ಲೇ ಖರ್ಚು. ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹೋಗುವಾಗ ಡಿಸೆಂಬರ್ ದಾಟಿರುತ್ತದೆ. ಅದಕ್ಕೇ ನಡಾವಳಿ ಪುಸ್ತಕದಲ್ಲಿ ಠರಾವು ಬರೆದೆವು: ಬಡ್ಡಿ ತಿಂಗಳು ತಿಂಗಳು, ಅಸಲು ಜನವರಿ ಸಭೆಯಲ್ಲಿ ಒಂದೇ ಗಂಟು. ಎಲ್ಲರ ಸಹಿಯೂ ಇದೆ.

ಆದರೆ ನಮಗೆ ಕೊಟ್ಟಿರುವ ವರದಿ ನಮೂನೆಗೆ ಠರಾವು ಗೊತ್ತಿಲ್ಲ. ಯಾವ ಸಾಲವಿರಲಿ, ಅದನ್ನು ಹತ್ತು ಕಂತಾಗಿ ಹಂಚುತ್ತದೆ. ಜುಲೈಗೆ 2,000, ಆಗಸ್ಟ್‌ಗೆ 2,000, ಹೀಗೆ ಈಗಾಗಲೇ 4,000 ಸುಸ್ತಿ ಅಂತ ತೋರಿಸುತ್ತದೆ. ನಿಜವಾದ ಸುಸ್ತಿ ಬೇರೆ ಇದೆ. ಹೊಲಿಗೆ ಮಿಷನ್‌ಗೆ ಸಾಲ ಪಡೆದವರು ಜುಲೈ ಕಂತು ತಪ್ಪಿಸಿದ್ದರು. ಆಗಸ್ಟ್‌ನಲ್ಲಿ ಎರಡು ಕಂತಿನ ಬದಲು ಒಂದೇ ಕಟ್ಟಿದರು, 1,000 ಬಾಕಿ ಉಳಿಯಿತು. ನಮ್ಮ ಪುಸ್ತಕದ ಪ್ರಕಾರ ಬರಬೇಕಿದ್ದ ಅಸಲು 5,000, ಬಂದಿದ್ದು 4,000. ಅಂದರೆ ವಸೂಲಿ ನೂರಕ್ಕೆ 80. ನಮೂನೆಯ ಪ್ರಕಾರ ಬರಬೇಕಿದ್ದು 9,000. ವಸೂಲಿ ನೂರಕ್ಕೆ 44! ಸಂಘ ಒಂದೇ, ದುಡ್ಡು ಒಂದೇ.

ಬ್ಯಾಂಕಿಗೆ ಸಾಲ ಕೇಳಲು ಹೋದರೆ ಪಂಚಸೂತ್ರ ನೋಡುತ್ತಾರೆ: ನಿಯಮಿತ ಸಭೆ, ಉಳಿತಾಯ, ಒಳಸಾಲ, ಸಕಾಲಕ್ಕೆ ಮರುಪಾವತಿ, ಅಚ್ಚುಕಟ್ಟಾದ ಪುಸ್ತಕ. ನಾಲ್ಕರಲ್ಲಿ ಪಾಸಾದ ನಾವು ಈ 44ರಿಂದಾಗಿ ವಾಪಸ್ ಬಂದೆವು.

ಇದರಿಂದ ಇನ್ನೊಂದು ಕೆಟ್ಟ ಚಾಳಿ ಹುಟ್ಟಿದೆ. 'ಕಟ್ಟಿದ ಹಾಗೆ ಬರೆದು, ಅದೇ ದಿನ ಮತ್ತೆ ಸಾಲ ಕೊಟ್ಟ ಹಾಗೆ ಬರೀರಿ, ಸರಿ ಹೋಗುತ್ತೆ' ಎಂದು ನಮಗೂ ಸಲಹೆ ಬಂತು. ಹಾಗೆ ಬರೆದರೆ ವಸೂಲಿ ಚೆಂದ ಕಾಣುತ್ತದೆ, ಪೆಟ್ಟಿಗೆಯ ದುಡ್ಡು ಮಾತ್ರ ಒಂದು ರೂಪಾಯಿಯೂ ಅಲುಗಿರುವುದಿಲ್ಲ. ಇಂಥ ಪುಸ್ತಕ ಪತ್ತೆಹಚ್ಚುವುದು ಸುಲಭ: ಒಂದೇ ಸಭೆಯಲ್ಲಿ, ಒಂದೇ ಹೆಸರಿನಲ್ಲಿ, ವಸೂಲಿ ಮತ್ತು ಹೊಸ ಸಾಲ ಒಂದೇ ಮೊತ್ತ ಇರುತ್ತದೆ. ಹೊಲಿಗೆ ಮಿಷನ್ನಿನ ಆ 1,000ದಂಥ ನಿಜ ಬಾಕಿಯೂ ಇದರಡಿ ಮುಚ್ಚಿಹೋಗುತ್ತದೆ. ನಾವಂತೂ ಒಪ್ಪಲಿಲ್ಲ.

ಹಾಗಂತ ಗಂಟುಸಾಲ ಯಾರಿಗೆ ಬೇಕಾದರೂ ಕೊಡಿ ಅಂತ ನಾನು ಹೇಳುವುದಿಲ್ಲ. ಹೊರಬಾಕಿಯ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೀಗೆ ಕೊಡಬಾರದೆಂದು ನಾವೇ ನಿಯಮ ಮಾಡಿಕೊಂಡಿದ್ದೇವೆ. ಮಳೆಗಾಲದಲ್ಲಿ ದುಡ್ಡೆಲ್ಲ ತೋಟದಲ್ಲಿ ಸಿಕ್ಕಿಕೊಂಡರೆ ಕೂಲಿ ಮಾಡುವವರಿಗೆ ಔಷಧಿಗೂ ಇರುವುದಿಲ್ಲ ಅಲ್ವಾ? ಅಡಿಕೆ ರೇಟು ಏರಲಿ ಅಂತ ಕಾದು ಜನವರಿ ದಾಟಿಸಿದರೆ ಅದು ಸುಸ್ತಿಯೇ. ಫೆಬ್ರವರಿ ವರದಿಯಲ್ಲಿ ಧಾರಾಳವಾಗಿ ತೋರಿಸಿ.

ತಾಲ್ಲೂಕಿನ ಸರ್ಕಾರಿ ಕೆಲಸಗಳನ್ನು ಪರಿಶೀಲಿಸುವ ಕೆಡಿಪಿ ಸಭೆಯ ಅಧ್ಯಕ್ಷರು ನೀವೇ. ಅಲ್ಲಿ ಇಷ್ಟು ಹೇಳಿ: ಪ್ರತಿ ಸಾಲದ ಮುಂದೆ ಠರಾವಿನಲ್ಲಿರುವ ಗಡುವು ಬರೆಯಲು ಜಾಗ ಕೊಡಲಿ. 'ಇನ್ನೂ ಗಡುವು ಬಾರದ ಬಾಕಿ' ಮತ್ತು 'ಗಡುವು ಮೀರಿದ ಬಾಕಿ' ಬೇರೆ ಬೇರೆ ಬರಲಿ. ಬ್ಯಾಂಕಿನವರು ವರದಿಯ ಜೊತೆ ನಡಾವಳಿ ಪುಸ್ತಕವನ್ನೂ ತೆರೆದು ನೋಡಲಿ.

ನಮ್ಮ ಸಭೆ ಪ್ರತಿ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ 3 ಗಂಟೆಗೆ, ಅಂಗನವಾಡಿಯಲ್ಲಿ. ಪುಸ್ತಕ ನೋಡಬೇಕೆನಿಸಿದರೆ ಬನ್ನಿ, ಅಧಿಕಾರಿಗಳನ್ನೂ ಕರೆತನ್ನಿ.

ಇತಿ,
ಸಂಘದ ಪುಸ್ತಕ ಬರೆಯುವವಳು