ನಾಲ್ಕನೆಯ ಪ್ರಶ್ನೆಯ ಬಗ್ಗೆ

ಪ್ರೀತಿಯ ತಂಗಿಗೆ,

ನೀನು ಕಳಿಸಿದ ಹತ್ತು ಪ್ರಶ್ನೆಗಳ ಕ್ವಿಜ್ ವಿಡಿಯೊವನ್ನು ಎರಡು ಸಲ ಹಾಕಿದೆ. ಎರಡನೆಯ ಸಲ ನಾನು ನೋಡಿದ್ದು ಪರದೆಯನ್ನಲ್ಲ, ಪಕ್ಕದಲ್ಲಿ ಕುಳಿತಿದ್ದ ಹೆಂಡತಿಯ ಮುಖವನ್ನು. ಮೂರನೆಯ ಪ್ರಶ್ನೆಗೆ ಅವಳು ಚಹಾ ಲೋಟ ಕೆಳಗಿಟ್ಟಳು. ನಾಲ್ಕನೆಯದಕ್ಕೆ ಲೋಟ ಎತ್ತಿಕೊಂಡು ಒಳಗೆ ಹೋದಳು. ಹಾಗಾಗಿ ಆ ನಾಲ್ಕನೆಯ ಪ್ರಶ್ನೆಯ ಬಗ್ಗೆಯೇ ಬರೆಯುತ್ತೇನೆ.

"ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಅಧಿಕೃತವಾಗಿ ಮರುನಾಮಕರಣ ಮಾಡಿದ್ದು ಯಾವ ವರ್ಷದಲ್ಲಿ?" ಉತ್ತರ 1973. ಮಾಹಿತಿಯಲ್ಲಿ ತಪ್ಪಿಲ್ಲ. ಆದರೆ ಇಸವಿ ಗೊತ್ತಿದ್ದವರಿಗೆ ನೀನು ಕೊಡುವ ಐದು ಸೆಕೆಂಡು ಬೇಕಿಲ್ಲ, ಗೊತ್ತಿಲ್ಲದವರಿಗೆ ಐದು ನಿಮಿಷ ಕೊಟ್ಟರೂ ಸಾಲದು. 1965 ಅಂದರೂ ಒಂದೇ, 1980 ಅಂದರೂ ಒಂದೇ. ಊಹೆಗೆ ಹಿಡಿಯೇ ಇಲ್ಲ.

ಅದೇ ಸಂಗತಿಯನ್ನು ತಿರುಗಿಸಿ ಕೇಳು: "1956ರಲ್ಲಿ ಏಕೀಕರಣವಾದಾಗ ನಮ್ಮ ರಾಜ್ಯದ ಹೆಸರೇನು?" ಓದಿದ ಕೂಡಲೇ 'ಕರ್ನಾಟಕ' ಎಂಬುದು ನಾಲಿಗೆಯ ತುದಿಗೆ ಬರುತ್ತದೆ. ಮರುಕ್ಷಣವೇ, ಇಷ್ಟು ಸುಲಭದ್ದನ್ನು ಯಾರಾದರೂ ಕೇಳುತ್ತಾರೆಯೇ ಎಂಬ ಅನುಮಾನ. ಮುಂದಿನ ನಾಲ್ಕು ಸೆಕೆಂಡು ನೋಡುಗರು ಉಳಿಯುವುದು ಆ ಅನುಮಾನಕ್ಕಾಗಿ. ನನ್ನ ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಿಂತ ಮೊದಲು ಬರೆಯುವುದು ತಪ್ಪು ಉತ್ತರವನ್ನು. ಎಲ್ಲರ ಬಾಯಿಗೂ ಬರುವಂಥ ಒಂದು ತಪ್ಪು ಉತ್ತರ ಸಿಗದಿದ್ದರೆ ಆ ಸಂಗತಿ ಎಷ್ಟೇ ಸೊಗಸಾಗಿದ್ದರೂ ಬಿಟ್ಟುಬಿಡುತ್ತೇನೆ.

ಇಸವಿಯೇ ಬೇಕು ಎಂಬ ಹಟವಿದ್ದರೆ ಎರಡನ್ನು ಎದುರುಬದುರು ನಿಲ್ಲಿಸು. "ಯಾವುದು ಮೊದಲು: ಇಸ್ರೋ ಸ್ಥಾಪನೆಯೋ, ನಮ್ಮ ರಾಜ್ಯಕ್ಕೆ 'ಕರ್ನಾಟಕ' ಎಂದು ಹೆಸರಿಟ್ಟದ್ದೋ?" ಇಸ್ರೋ ಹುಟ್ಟಿದ್ದು 1969ರಲ್ಲಿ. ರಾಜ್ಯದ ಈಗಿನ ಅಧಿಕೃತ ಹೆಸರಿಗಿಂತ ರಾಕೆಟ್ಟಿನ ಸಂಸ್ಥೆ ಹಳೆಯದು ಎಂದರೆ ಯಾರು ತಾನೇ ನಂಬುತ್ತಾರೆ! ಇಸವಿ ನೆನಪಿಲ್ಲದವರೂ ಇಲ್ಲಿ ಒಂದು ಪಕ್ಷ ಹಿಡಿಯಬಹುದು.

ಇನ್ನು ಗಡಿಯಾರ. ನಿನ್ನ ಪ್ರಶ್ನೆ ಪರದೆಗೆ ಬಂದ ಕ್ಷಣದಿಂದಲೇ ಐದು, ನಾಲ್ಕು, ಮೂರು ಎಂದು ಎಣಿಕೆ ಓಡುತ್ತಿದೆ. ನಾನು ಗಟ್ಟಿಯಾಗಿ ಓದಿ ನೋಡಿದೆ. ಓದುವುದರಲ್ಲೇ ಐದು ಸೆಕೆಂಡು ಮುಗಿಯಿತು. ಯೋಚಿಸುವುದು ಯಾವಾಗ? ದನಿ ನಿಂತ ಮೇಲೆ ಎಣಿಕೆ ಶುರುವಾಗಲಿ. ಕನ್ನಡದಲ್ಲಿ ಇನ್ನೊಂದು ತೊಡಕಿದೆ: ಪ್ರಶ್ನೆಪದ ಸಾಮಾನ್ಯವಾಗಿ ವಾಕ್ಯದ ಬಾಲಕ್ಕೆ ಬಂದು ಕೂರುತ್ತದೆ. "ಸೌರಮಂಡಲದಲ್ಲೇ ಅತ್ಯಂತ ಹೆಚ್ಚಿನ ಉಷ್ಣಾಂಶವನ್ನು ಹೊಂದಿರುವ ಗ್ರಹ ಯಾವುದು?" ಎಂದರೆ ಏನನ್ನು ಹುಡುಕಬೇಕು ಎಂದು ಕೊನೆಯವರೆಗೂ ತಿಳಿಯುವುದಿಲ್ಲ. "ಯಾವ ಗ್ರಹ ಎಲ್ಲಕ್ಕಿಂತ ಬಿಸಿ?" ಎನ್ನು. ಎರಡನೆಯ ಪದಕ್ಕೇ ಮನಸ್ಸು ಗ್ರಹಗಳ ಪಟ್ಟಿ ತೆರೆದುಕೊಂಡಿರುತ್ತದೆ.

ಹೆಚ್ಚಿನವರು ಬುಧ ಎನ್ನುತ್ತಾರೆ, ಸೂರ್ಯನಿಗೆ ಹತ್ತಿರವಿರುವುದರಿಂದ. ಸರಿಯುತ್ತರ ಶುಕ್ರ. ಉತ್ತರ ತೋರಿಸುವಾಗ ನೀನು ಶುಕ್ರನ ವ್ಯಾಸ, ದಿನದ ಉದ್ದ ಎಲ್ಲ ಹೇಳಹೊರಟರೆ ಜನ ಮುಂದಕ್ಕೆ ಸರಿಸುತ್ತಾರೆ. ಅವರಿಗೆ ಬೇಕಾದದ್ದು ತಾವು ಎಡವಿದ್ದು ಎಲ್ಲಿ ಎಂಬುದು ಮಾತ್ರ: ಶುಕ್ರನಿಗೆ ಇಂಗಾಲದ ಡೈಆಕ್ಸೈಡಿನ ದಪ್ಪ ಹೊದಿಕೆಯಿದೆ, ಬಂದ ಶಾಖವನ್ನು ಅದು ಹೊರಗೆ ಬಿಡುವುದಿಲ್ಲ. ಒಂದೇ ವಾಕ್ಯ, ಮುಂದಿನ ಪ್ರಶ್ನೆ.

ನನ್ನ ಪೆಟ್ಟನ್ನೂ ಹೇಳಿಬಿಡುತ್ತೇನೆ. ಒಮ್ಮೆ "ರಾಜ್ಯದ ಅತಿ ದೊಡ್ಡ ಜಿಲ್ಲೆ ಯಾವುದು?" ಎಂದು ಕೇಳಿ ಬೆಳಗಾವಿ ಎಂದು ತೋರಿಸಿದೆ. ವಿಸ್ತೀರ್ಣದಲ್ಲಿ ಹೌದು, ಜನಸಂಖ್ಯೆಯಲ್ಲಿ ಬೆಂಗಳೂರು ನಗರ. ಬೆಂಗಳೂರು ಎಂದವರು ಸೋತಿರಲಿಲ್ಲ, ನಾನೇ ಅವರನ್ನು ಸೋಲಿಸಿದ್ದೆ. ಬೈಗುಳ ಎರಡು ದಿನ ನಿಲ್ಲಲಿಲ್ಲ. ಜಗಳವಾದರೆ ವೀಕ್ಷಣೆ ಏರುತ್ತದೆಂದು ಬೇಕೆಂದೇ ಹೀಗೆ ಮಾಡುವವರಿದ್ದಾರೆ. ನನಗೆ ಅದು ತೂಕದಲ್ಲಿ ಮೋಸ ಮಾಡಿದಂತೆ ಕಾಣುತ್ತದೆ. 'ವಿಸ್ತೀರ್ಣದಲ್ಲಿ' ಎಂಬ ಒಂದು ಪದ ಸಾಕಿತ್ತು.

ಹಾಕುವ ಮೊದಲು ಯಾರಿಗಾದರೂ ಓದಿ ತೋರಿಸು, ಮುಖ ನೋಡು. "ಏನಂದೆ?" ಎಂದರೆ ವಾಕ್ಯ ಕೆಟ್ಟಿದೆ. ನೀನು ಮುಗಿಸುವ ಮೊದಲೇ ಸರಿಯುತ್ತರ ಬಂದರೆ ತೀರಾ ಸುಲಭ. ಸುಮ್ಮನೆ ಕಿಟಕಿಯ ಕಡೆ ನೋಡಿದರೆ ಊಹೆಗೆ ಹಿಡಿಯಿಲ್ಲ. ತಪ್ಪು ಹೇಳಿ, ಉತ್ತರ ಕೇಳಿ "ಅಯ್ಯೋ" ಎಂದರೆ ಇಟ್ಟುಕೋ. ಹಾಕಿದ ಮೇಲೆ, ಯಾವ ಕ್ಷಣದಲ್ಲಿ ಎಷ್ಟು ಜನ ನೋಡುತ್ತಿದ್ದರು ಎಂದು ಯೂಟ್ಯೂಬ್ ತೋರಿಸುವ ಗೆರೆಯೂ ಇದನ್ನೇ ಹೇಳುತ್ತದೆ. ಎಣಿಕೆಯ ನಡುವೆ ಗೆರೆ ಕುಸಿದಿದ್ದರೆ ಅಲ್ಲಿ ಯಾರೂ ಊಹಿಸುತ್ತಿರಲಿಲ್ಲ ಎಂದು ತಿಳಿ.

ನಾಲ್ಕನೆಯದನ್ನು ಮತ್ತೆ ಬರೆದು ಭಾನುವಾರದೊಳಗೆ ಕಳಿಸು. ಈ ಸಲ ಹೆಂಡತಿಗೆ ಬಿಸಿ ಚಹಾ ಕೊಟ್ಟೇ ಕೂರಿಸುತ್ತೇನೆ. ಆರಿಹೋದರೆ ನೀನು ಗೆದ್ದೆ.

ಇಂತಿ,
ನಿನ್ನ ಅಣ್ಣ