ಖಾಲಿ ಸ್ಪ್ರೇ ಡಬ್ಬಿ, ಹಳೇ ಲೈಟರ್, ಒಡೆದ ಥರ್ಮಾಮೀಟರ್: ಕಸದ ಬುಟ್ಟಿಗೆ ಹಾಕುವ ಮುಂಚೆ

ಪ್ರಿಯ ಪೋಷಕರೇ,

ನಮಸ್ಕಾರ.

ಕಳೆದ ಬುಧವಾರ ನಮ್ಮ ಆರನೇ ತರಗತಿಯಲ್ಲಿ ನಡೆದದ್ದನ್ನು ಮಕ್ಕಳು ಆಗಲೇ ನಿಮಗೆ ಹೇಳಿರಬಹುದು. ಒಬ್ಬೊಬ್ಬರು ಒಂದೊಂದು ಥರ ಹೇಳಿದ್ದಾರೆ ಅಂತ ಕೇಳಿದೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ಹುಡುಗನೊಬ್ಬ ಕುಂಕುಮದ ಪುಟ್ಟ ಡಬ್ಬಿಯಲ್ಲಿ ಪಾದರಸ ತಂದಿದ್ದ. ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರ್ ಕೈಜಾರಿ ಒಡೆದಿತ್ತಂತೆ. ಗಾಜನ್ನು ಗುಡಿಸಿ ಕಸದ ಬುಟ್ಟಿಗೆ ಹಾಕಿದ್ದರು. ನೆಲದ ಮೇಲೆ ಉರುಳಾಡುತ್ತಿದ್ದ ಬೆಳ್ಳಿ ಗುಂಡುಗಳು ಅವನಿಗೆ ಚೆಂದ ಕಂಡಿವೆ, ಎತ್ತಿಟ್ಟುಕೊಂಡಿದ್ದಾನೆ. ಡೆಸ್ಕಿನ ಮೇಲೆ ಸುರಿದು ಗೆಳೆಯರಿಗೆ ತೋರಿಸುವಾಗ ಪಕ್ಕದ ಹುಡುಗಿ ಬೆರಳಿಂದ ಒತ್ತಿದಳು. ಅವಳ ಚಿನ್ನದ ಉಂಗುರದ ಒಂದು ಕಡೆ ನೋಡನೋಡುತ್ತಲೇ ಬೆಳ್ಳಗಾಯಿತು. ಅವಳು ಅಳುತ್ತಾ ಟೀಚರ್ ಹತ್ತಿರ ಓಡಿದಾಗಲೇ ನಮಗೆ ವಿಷಯ ಗೊತ್ತಾಗಿದ್ದು.

ಪಾದರಸಕ್ಕೆ ಚಿನ್ನ ಸಿಕ್ಕರೆ ಸಾಕು, ಅದರೊಳಗೆ ಸೇರಿಕೊಂಡುಬಿಡುತ್ತದೆ. ಹಾಗಾಗಿ ಪಾದರಸ ಎತ್ತುವವರು ಮೊದಲು ಉಂಗುರ, ಬಳೆ, ಸರ ತೆಗೆದಿಡಬೇಕು. ಬೆಳ್ಳಗಾದ ಒಡವೆಯನ್ನು ಅಕ್ಕಸಾಲಿಗರ ಹತ್ತಿರ ಒಯ್ದರೆ "ಇದಕ್ಕೆ ಪಾದರಸ ತಗುಲಿದೆ" ಅಂತ ಹೇಳಲೇಬೇಕು. ಹೇಳದೆ ಕೊಟ್ಟರೆ ಅವರು ಕಾಯಿಸುತ್ತಾರೆ. ಕಾಯಿಸಿದಾಗ ಏಳುವ ಆವಿ ನೇರ ಅವರ ಮೂಗಿಗೆ ಹೋಗುತ್ತದೆ.

ಆವಿಯೇ ಇಲ್ಲಿ ಮುಖ್ಯವಾದ ಅಪಾಯ. ಪಾದರಸ ನೋಡಲು ಲೋಹದ ಹಾಗಿದ್ದರೂ ಕೋಣೆಯ ಮಾಮೂಲಿ ಬಿಸಿಗೇ ನಿಧಾನವಾಗಿ ಆವಿಯಾಗುತ್ತಾ ಇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಉಸಿರಿನ ಜೊತೆ ಒಳಗೆ ಹೋದದ್ದರಲ್ಲಿ ಹೆಚ್ಚಿನ ಪಾಲು ರಕ್ತಕ್ಕೆ ಸೇರುತ್ತದೆ. ಆವಿ ನೆಲದ ಹತ್ತಿರ ಜಾಸ್ತಿ ಇರುವುದರಿಂದ ಅಂಬೆಗಾಲಿಡುವ ಕೂಸಿಗೆ ನಮಗಿಂತ ಹೆಚ್ಚು ತೊಂದರೆ. ಹಾಗಂತ ಒಂದು ಥರ್ಮಾಮೀಟರ್ ಒಡೆದ ಕೂಡಲೇ ಗಾಬರಿ ಬೀಳಬೇಡಿ. ಅದರಲ್ಲಿ ಇರುವುದು ಅರ್ಧ ಗ್ರಾಮಿನಿಂದ ಒಂದು ಗ್ರಾಮಿನಷ್ಟು. ಅವತ್ತೇ ಸರಿಯಾಗಿ ಎತ್ತಿ, ಕೋಣೆಗೆ ಗಾಳಿ ಆಡಿಸಿದರೆ ಹೆದರುವಂಥದ್ದೇನೂ ಇಲ್ಲ. ತೊಂದರೆ ಬರುವುದು ಮಂಚದ ಕೆಳಗೋ ಟೈಲ್ಸ್ ಸಂದಿಯಲ್ಲೋ ಉಳಿದು, ಮುಚ್ಚಿದ ಕೋಣೆಯಲ್ಲಿ ವಾರಗಟ್ಟಲೆ ಆವಿಯಾದಾಗ. ಮಗು ಒಂದು ಗುಂಡು ನುಂಗಿಬಿಟ್ಟರೆ? ಹೊಟ್ಟೆಯಿಂದ ಅದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಗಾಜಿನ ಚೂರು ಹೋಗಿದ್ದರೆ ಅದೇ ಹೆಚ್ಚು ಅಪಾಯ. ಹೇಗಿದ್ದರೂ ಡಾಕ್ಟರಿಗೆ ತೋರಿಸಿ.

ಅವತ್ತು ನಾವು ಮಾಡಿದ್ದನ್ನು ಹಾಗೇ ಹೇಳುತ್ತೇನೆ, ಮನೆಯಲ್ಲೂ ಇದೇ ಕ್ರಮ ಸಾಕು. ಮೊದಲು ಮಕ್ಕಳನ್ನೆಲ್ಲ ಹೊರಗೆ ಕಳಿಸಿದೆವು. ಯಾರ ಚಪ್ಪಲಿಗೆ, ಬಟ್ಟೆಗೆ ಗುಂಡು ಅಂಟಿದೆ ಅಂತ ಬಾಗಿಲಲ್ಲೇ ನೋಡಿದೆವು. ಫ್ಯಾನ್ ಆರಿಸಿ, ಹೊರಗಿನ ಕಿಟಕಿಗಳನ್ನೆಲ್ಲ ತೆರೆದು, ವರಾಂಡದ ಕಡೆಯ ಬಾಗಿಲು ಹಾಕಿದೆವು. ಅಷ್ಟರಲ್ಲಿ ನಮ್ಮ ಆಯಾ ಅಮ್ಮ ಪೊರಕೆ ಹಿಡಿದು ಬಂದರು. ಅವರನ್ನು ತಡೆದದ್ದೇ ಅವತ್ತು ಆದ ದೊಡ್ಡ ಒಳ್ಳೇ ಕೆಲಸ. ಪೊರಕೆ ತಾಗಿದರೆ ಒಂದು ಗುಂಡು ನೂರಾಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣಗಾಗಿ ಸಂದಿ ಸಂದಿಗೆ ಹೋಗುತ್ತದೆ. ಆಮೇಲೆ ಆ ಪೊರಕೆ ಹೋದಲ್ಲೆಲ್ಲ ಪಾದರಸ. ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು, ಅದು ಬಿಸಿಯಾಗಿ ಆವಿಯನ್ನು ಕೋಣೆಗೆಲ್ಲ ಊದುತ್ತದೆ.

ನಾನು ಕೈಗವಸು ಹಾಕಿಕೊಂಡು ಹಳೇ ಮದುವೆ ಕಾಗದದ ಎರಡು ಗಟ್ಟಿ ಹಾಳೆ ತೆಗೆದುಕೊಂಡೆ. ಒಂದರಿಂದ ಗುಂಡುಗಳನ್ನು ಮೆಲ್ಲಗೆ ತಳ್ಳಿ ಒಟ್ಟುಗೂಡಿಸಿದರೆ ಅವು ತಾವಾಗೇ ಸೇರಿ ದೊಡ್ಡ ಗುಂಡಾಗುತ್ತವೆ. ಅದನ್ನು ಇನ್ನೊಂದು ಹಾಳೆಯ ಮೇಲೆ ಉರುಳಿಸಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿಗೆ ಬಿಟ್ಟೆ. ಡೆಸ್ಕಿನ ಸಂದಿಯಲ್ಲಿದ್ದದ್ದನ್ನು ಸೂಜಿ ತೆಗೆದ ಸಿರಿಂಜಿನಿಂದ ಎಳೆದೆವು. ಕಣ್ಣಿಗೆ ಏನೂ ಕಾಣದಾದ ಮೇಲೆ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಡ್ಡ ಬೆಳಕು ಬಿಟ್ಟು ನೋಡಿದೆವು. ಆಗ ಬೆಂಚಿನ ಕಾಲಿನ ಬಳಿ ಇನ್ನೂ ಏಳೆಂಟು ಚುಕ್ಕೆ ಮಿಂಚಿದವು. ಅವನ್ನು ಅಗಲ ಟೇಪಿಗೆ ಅಂಟಿಸಿ ಎತ್ತಿದೆವು. ಟೇಪು, ಹಾಳೆ, ಸಿರಿಂಜು, ಕೈಗವಸು ಎಲ್ಲವೂ ಒಂದು ದಪ್ಪ ಕವರಿನಲ್ಲಿ, ಬಾಟಲಿಯ ಜೊತೆಗೇ ಇವೆ. ಕವರಿನ ಮೇಲೆ "ಪಾದರಸ" ಅಂತ ದೊಡ್ಡದಾಗಿ ಬರೆದಿದ್ದೇವೆ. ಆ ಕೋಣೆ ಮಾರನೇ ದಿನವೂ ಕಿಟಕಿ ತೆರೆದುಕೊಂಡು ಖಾಲಿ ಇತ್ತು. ಮಕ್ಕಳು ಗ್ರಂಥಾಲಯದಲ್ಲಿ ಕೂತರು.

ಮನೆಯಲ್ಲಾದರೆ ಇನ್ನೆರಡು ಮಾತು ಸೇರಿಸಬೇಕು. ಪಾದರಸವನ್ನು ಸಿಂಕಿಗೋ ಬಚ್ಚಲಿಗೋ ನೀರು ಹಾಕಿ ತಳ್ಳಬೇಡಿ. ಅದು ನೀರಿಗಿಂತ ಹದಿಮೂರು ಪಟ್ಟಿಗೂ ಹೆಚ್ಚು ಭಾರ, ಪೈಪಿನ ಬಾಗಿನಲ್ಲಿ ಕೂತುಬಿಡುತ್ತದೆ. ಗುಂಡು ಬಿದ್ದ ಬಟ್ಟೆಯನ್ನು ವಾಷಿಂಗ್ ಮೆಷೀನಿಗೆ ಹಾಕಬೇಡಿ. ಹಾಸಿಗೆಯೊಳಗೆ ಇಳಿದಿದ್ದರೆ ಆ ಭಾಗವನ್ನು ಕತ್ತರಿಸಿ ಅದೇ ಕವರಿಗೆ ಸೇರಿಸುವುದೇ ವಾಸಿ.

ಇನ್ನೂ ಒಡೆಯದ ಥರ್ಮಾಮೀಟರ್ ನಿಮ್ಮ ಬೀರುವಿನಲ್ಲಿ ಇದ್ದರೆ, ಒಳಗಿನ ಗೆರೆ ಬೆಳ್ಳಿ ಬಣ್ಣದ್ದಾ ನೋಡಿ. ಕೆಂಪೋ ನೀಲಿಯೋ ಇದ್ದರೆ ಅದು ಬಣ್ಣದ ಸ್ಪಿರಿಟ್, ಪಾದರಸ ಅಲ್ಲ. ಬೆಳ್ಳಿ ಬಣ್ಣವಿದ್ದರೆ ಅದರದೇ ಪ್ಲಾಸ್ಟಿಕ್ ಕೊಳವೆಯಲ್ಲಿಟ್ಟು, ಬಟ್ಟೆ ಸುತ್ತಿ, ಟೇಪು ಹಾಕಿ ಎತ್ತಿಡಿ. ಕಸಕ್ಕೆ ಹಾಕಿದರೆ ಅದು ಬುಟ್ಟಿಯಲ್ಲಲ್ಲದಿದ್ದರೂ ಕಸದ ಗಾಡಿಯಲ್ಲಂತೂ ಒಡೆಯುತ್ತದೆ. ಹಸಿ ಕಸಕ್ಕೆ ಬೆರೆತರೆ ಗೊಬ್ಬರ ಕೆಡುತ್ತದೆ, ರಾಶಿಗೆ ಬೆಂಕಿ ಬಿದ್ದರೆ ಒಟ್ಟಿಗೇ ಆವಿಯಾಗುತ್ತದೆ. ಕೆರೆ ಸೇರಿದರೆ ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಇನ್ನೂ ವಿಷದ ರೂಪಕ್ಕೆ ತಿರುಗಿಸುತ್ತವೆ, ಅದು ಮೀನಿಗೆ ಏರುತ್ತದೆ. ಗುಜರಿಗೂ ಕೊಡಬೇಡಿ. 2001ರಲ್ಲಿ ಕೊಡೈಕೆನಾಲಿನಲ್ಲಿ ಜನ ಒಂದು ಥರ್ಮಾಮೀಟರ್ ಕಾರ್ಖಾನೆಯ ವಿರುದ್ಧ ಬೀದಿಗಿಳಿದದ್ದು ಇದಕ್ಕೇ. ಪಾದರಸ ಅಂಟಿದ ಒಡಕು ಗಾಜು ಟನ್ನುಗಟ್ಟಲೆ ಊರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿತ್ತು. ಕಾರ್ಖಾನೆ ಅದೇ ವರ್ಷ ಮುಚ್ಚಿತು.

ಈಗ ಸ್ಪ್ರೇ ಡಬ್ಬಿ. ಸೆಂಟಿನ ಸ್ಪ್ರೇ, ಸೊಳ್ಳೆ ಜಿರಳೆಯ ಸ್ಪ್ರೇ, ಶೇವಿಂಗ್ ಫೋಮ್, ನೋವಿನ ಸ್ಪ್ರೇ, ಹುಟ್ಟುಹಬ್ಬಕ್ಕೆ ಹುಡುಗರು ತರುವ ನೊರೆ ಸ್ಪ್ರೇ ಇವೆಲ್ಲ ಒಂದೇ ಜಾತಿ. ಒಳಗಿನದ್ದನ್ನು ಹೊರಗೆ ತಳ್ಳುವುದು ಹೆಚ್ಚಿನವುಗಳಲ್ಲಿ ಬ್ಯೂಟೇನ್, ಪ್ರೊಪೇನ್. ಅಂದರೆ ನಮ್ಮ ಅಡುಗೆ ಅನಿಲದ್ದೇ ಬಳಗ. ಸಿಲಿಂಡರಿನಲ್ಲಿ ಇದ್ದ ಹಾಗೇ ಇಲ್ಲೂ ಅದು ಒತ್ತಡದಲ್ಲಿ ದ್ರವವಾಗಿರುತ್ತದೆ. ಒಂದು ತೊಟ್ಟು ದ್ರವ ಉಳಿದಿದ್ದರೂ ಒಳಗಿನ ಒತ್ತಡ ತುಂಬಿದ ಡಬ್ಬಿಯಲ್ಲಿ ಇದ್ದಷ್ಟೇ ಇರುತ್ತದೆ. ಅದಕ್ಕೇ ಮೂತಿ ಕಟ್ಟಿಕೊಂಡು ಸ್ಪ್ರೇ ಬಾರದ ಡಬ್ಬಿಯನ್ನು "ಖಾಲಿ ಆಯ್ತು" ಅಂತ ಎಸೆಯುವುದು ತಪ್ಪು. 50 ಡಿಗ್ರಿಗಿಂತ ಹೆಚ್ಚು ಬಿಸಿಗೆ ಒಡ್ಡಬೇಡಿ, ಖಾಲಿಯಾದ ಮೇಲೂ ಚುಚ್ಚಬೇಡಿ, ಸುಡಬೇಡಿ ಅಂತ ಡಬ್ಬಿಯ ಮೇಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಸುಡುವುದು ನಾವು ಬೇಕೆಂದು ಮಾಡುವ ಕೆಲಸ ಅಲ್ಲ, ಗೊತ್ತಿಲ್ಲದೆ ಆಗುವಂಥದ್ದು. ಬಚ್ಚಲೊಲೆಗೆ ಕಾಗದ, ಕಸ ಎಲ್ಲ ತುಂಬುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಬೆಳಿಗ್ಗೆ ರಸ್ತೆ ಬದಿ ಒಣ ಎಲೆ ಗುಡ್ಡೆ ಮಾಡಿ ಬೆಂಕಿ ಇಡುವುದೂ ಇದೆ. ಅದರೊಳಗೆ ಡಬ್ಬಿಯೊಂದು ಇದ್ದರೆ ಕಾದು ಸಿಡಿಯುತ್ತದೆ, ಲೋಹದ ಚೂರಿನ ಜೊತೆ ಬೆಂಕಿಯ ಉಂಡೆ ಹಾರುತ್ತದೆ. ಕಸ ಒತ್ತುವ ಲಾರಿಯಲ್ಲಿ ಡಬ್ಬಿ ಜಜ್ಜಿಹೋಗಿ ಗ್ಯಾಸ್ ಒಮ್ಮೆಲೇ ಬಿಟ್ಟರೆ ಒಂದು ಕಿಡಿ ಸಾಕು. ಅಲ್ಲಿ ನಿಂತಿರುವುದು ನಮ್ಮ ಪೌರಕಾರ್ಮಿಕರು. ಅವರಲ್ಲಿ ಇಬ್ಬರ ಮಕ್ಕಳು ನಮ್ಮ ಶಾಲೆಯಲ್ಲೇ ಓದುತ್ತಿದ್ದಾರೆ.

ಡಬ್ಬಿ ಮುಗಿಯಿತು ಅನ್ನಿಸಿದಾಗ ಬಯಲಿಗೆ ಒಯ್ಯಿರಿ. ದೀಪ, ಒಲೆ, ಬೀಡಿ ಸಿಗರೇಟು ಹತ್ತಿರ ಇರಬಾರದು. ಮುಖದಿಂದ ದೂರ ಹಿಡಿದು ಸುಯ್ ಅನ್ನುವ ಸದ್ದು ಪೂರ್ತಿ ನಿಲ್ಲುವವರೆಗೂ ಒತ್ತಿ. ಅಲ್ಲಾಡಿಸಿದರೆ ಒಳಗೆ ದ್ರವ ಕುಲುಕಬಾರದು. ಆಮೇಲೆ ಮುಚ್ಚಳ ತೆಗೆದು, ಒಣ ಕಸದವರ ಕೈಗೆ ಬೇರೆಯಾಗಿ ಕೊಟ್ಟು "ಸ್ಪ್ರೇ ಡಬ್ಬಿ, ಖಾಲಿಯಾಗಿದೆ" ಅಂತ ಹೇಳಿ. ಚುಚ್ಚಬೇಡಿ, ಜಜ್ಜಬೇಡಿ. ಕೀಟನಾಶಕದ ಡಬ್ಬಿ, ಮೂತಿ ಕಟ್ಟಿದ ಡಬ್ಬಿ, ಇನ್ನೂ ತುಂಬಿರುವ ಡಬ್ಬಿ ಇವು ಒಣ ಕಸ ಅಲ್ಲ, ಅಪಾಯಕಾರಿ ಕಸ.

ಲೈಟರ್ ಬಗ್ಗೆ ಒಂದು ಗೊಂದಲ ಬಿಡಿಸಬೇಕು. ಗ್ಯಾಸ್ ಒಲೆಗೆ ಟಿಕ್ ಟಿಕ್ ಅಂತ ಕಿಡಿ ಹಾರಿಸುವ ಸ್ಟೀಲ್ ಲೈಟರಿನಲ್ಲಿ ಗ್ಯಾಸ್ ಇಲ್ಲ. ಕೆಟ್ಟರೆ ಅದನ್ನು ಗುಜರಿಗೆ ಹಾಕಬಹುದು. ಜ್ವಾಲೆ ಬರುವ ಲೈಟರ್, ದೀಪ ಹಚ್ಚುವ ಉದ್ದ ಮೂತಿಯದ್ದೂ ಸೇರಿ, ಬೇರೆ. ಅದರಲ್ಲಿ ಬ್ಯೂಟೇನ್ ದ್ರವ ಇರುತ್ತದೆ, ಪಕ್ಕದಲ್ಲೇ ಕಿಡಿ ಹೊಡೆಯುವ ಚಕ್ರವೋ ಗುಂಡಿಯೋ ಇರುತ್ತದೆ. ಕಸದಲ್ಲಿ ಏನೋ ಒತ್ತಿ ಕಿಡಿ ಹಾರಿದರೆ ಕಾಗದ, ಪ್ಲಾಸ್ಟಿಕ್ ಪಕ್ಕದಲ್ಲೇ ಬೆಂಕಿ. ಹತ್ತದ ಲೈಟರಿನಲ್ಲೂ ಗ್ಯಾಸ್ ಇರಬಹುದು, ಕಲ್ಲು ಸವೆದಿರಬಹುದು ಅಷ್ಟೇ. ಬೆಳಕಿಗೆ ಹಿಡಿದರೆ ಒಳಗಿನ ದ್ರವ ಕಾಣುತ್ತದೆ. ಇದ್ದರೆ, ಚಕ್ರದ ಲೈಟರಾದರೆ ಮಾತ್ರ, ದೊಡ್ಡವರೇ ಬಯಲಿನಲ್ಲಿ, ಚಕ್ರ ತಿರುಗಿಸದೆ, ಬರೀ ಗುಂಡಿಯನ್ನು ಒತ್ತಿದ ಹಾಗೇ ಇರುವಂತೆ ಟೇಪು ಸುತ್ತಿ, ಗ್ಯಾಸ್ ಹೊರಗೆ ಹೋಗಲು ನೆರಳಿನಲ್ಲಿ ಮಕ್ಕಳಿಗೆ ಸಿಗದ ಕಡೆ ಎರಡು ದಿನ ಬಿಡಿ. ಬ್ಯೂಟೇನ್ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಚರಂಡಿ ಪಕ್ಕ, ಮುಚ್ಚಿದ ಬಾಲ್ಕನಿ ಬೇಡ. ಗುಂಡಿ ಒತ್ತಿದರೇ ಕಿಡಿ ಹಾರುವ ಲೈಟರಿಗೆ ಇದನ್ನು ಮಾಡಬೇಡಿ, ಹಾಗೇ ತಂದುಕೊಡಿ. ಚಕ್ರದ್ದಕ್ಕೂ ಇದನ್ನು ಮಾಡಲು ಧೈರ್ಯ ಬಾರದಿದ್ದರೆ ಬಿಡಿ, ಹಾಗೇ ತಂದುಕೊಡಿ.

ಎಲ್ಲಿಗೆ ತರಬೇಕು? ಮನೆಯ ಅಪಾಯಕಾರಿ ಕಸವನ್ನು ಬೇರೆ ಇಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಬಂದಿತ್ತು. ಒಡೆದ ಪಾದರಸದ ಥರ್ಮಾಮೀಟರನ್ನು ಅದರಲ್ಲಿ ಹೆಸರು ಹಿಡಿದೇ ಹೇಳಿದ್ದಾರೆ. ಅಂಥ ಕಸ ತೆಗೆದುಕೊಳ್ಳುವ ಕೇಂದ್ರವನ್ನು 20 ಚದರ ಕಿಲೋಮೀಟರಿಗೆ ಒಂದರಂತೆ ನಗರಸಭೆ, ಪಾಲಿಕೆಗಳು ಇಡಬೇಕು ಅಂತಲೂ ಇತ್ತು. ನಾನು ನಗರಸಭೆಯ ಆರೋಗ್ಯ ನಿರೀಕ್ಷಕರ ಜೊತೆ ಮಾತಾಡಿದ್ದೇನೆ. ಇದೇ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ 9ರಿಂದ 11ರವರೆಗೆ ಅವರ ಗಾಡಿ ಶಾಲೆಯ ಹಿಂದಿನ ಗೇಟಿನಲ್ಲಿ ನಿಲ್ಲುತ್ತದೆ. ಥರ್ಮಾಮೀಟರ್, ಪಾದರಸದ ಬಾಟಲಿ, ಲೈಟರ್, ಸ್ಪ್ರೇ ಡಬ್ಬಿ ಇವನ್ನು ಒಂದೇ ಚೀಲಕ್ಕೆ ತುಂಬದೆ ಬೇರೆ ಬೇರೆ ತನ್ನಿ. ಬಿಸಿಲಿನಲ್ಲಿ ನಿಂತ ಕಾರು, ಸ್ಕೂಟರ್ ಡಿಕ್ಕಿಯಲ್ಲಿ ಡಬ್ಬಿ, ಲೈಟರ್ ಬಿಡಬೇಡಿ.

ದಯವಿಟ್ಟು ಇವನ್ನು ಮಕ್ಕಳ ಬ್ಯಾಗಿನಲ್ಲಿ ಕಳಿಸಬೇಡಿ. ನೀವೇ ಬನ್ನಿ. ಆ ಶನಿವಾರ ಬರಲಾಗದವರು ಮುಂಚೆಯೇ ಕಚೇರಿಗೆ ತಿಳಿಸಿದರೆ, ಬೇರೆ ದಿನ ಎಲ್ಲಿ ಕೊಡಬಹುದು ಅಂತ ಹೇಳುತ್ತೇವೆ.

ಇಂತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ