ಅಡುಗೆಮನೆಯ ಸರ್ಕ್ಯೂಟ್ ಪದೇ ಪದೇ ಟ್ರಿಪ್ ಆಗುತ್ತಿರುವುದು ಮತ್ತು ಪರಿಹಾರವೆಂದು 32 ಆಂಪಿಯರ್ ಎಂಸಿಬಿ ಹಾಕಿರುವುದರ ಬಗ್ಗೆ ದೂರು

ಮೈಸೂರು
ದಿನಾಂಕ: 16 ಜೂನ್ 2025

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ
(ನಮ್ಮ ವಸತಿ ಸಮುಚ್ಚಯವನ್ನು ನಿರ್ಮಿಸಿದ ಸಂಸ್ಥೆ)

ವಿಷಯ: ಬಿ-304ನೇ ಫ್ಲ್ಯಾಟಿನ ಅಡುಗೆಮನೆಯ ವೈರಿಂಗ್ ದೋಷವನ್ನು ಸರಿಪಡಿಸಿಕೊಡುವಂತೆ ಕೋರಿ

ಮಾನ್ಯರೇ,

2023ರ ಮಾರ್ಚಿನಲ್ಲಿ ತಮ್ಮಿಂದ ಸ್ವಾಧೀನಕ್ಕೆ ಪಡೆದ ಮೇಲ್ಕಂಡ ಫ್ಲ್ಯಾಟಿನಲ್ಲಿ ನಾನು, ನನ್ನ ಪತ್ನಿ ಮತ್ತು ನನ್ನ ತಾಯಿಯವರು ವಾಸವಾಗಿದ್ದೇವೆ. ಭಾರ ಹೆಚ್ಚಾದಾಗ ಕರೆಂಟ್ ಕಡಿಯುವ ನಮ್ಮ ಅಡುಗೆಮನೆಯ ಎಂಸಿಬಿ ಬೆಳಗಿನ ಹೊತ್ತು ಟ್ರಿಪ್ ಆಗುತ್ತದೆಂದು ಏಪ್ರಿಲ್ ತಿಂಗಳಿನಿಂದ ಎರಡು ಬಾರಿ ತಮ್ಮಲ್ಲಿ ದೂರು ದಾಖಲಿಸಿದ್ದೇನೆ. ಎರಡೂ ಬಾರಿ ತಮ್ಮ ಕಡೆಯವರು ಬಂದು ಹೋಗಿದ್ದಾರೆ. ಆದರೆ ಅವರು ಮಾಡಿಕೊಟ್ಟ ಪರಿಹಾರದಿಂದ ಮೊದಲಿಗಿಂತ ದೊಡ್ಡ ಅಪಾಯ ಮನೆಯೊಳಗೆ ಬಂದು ಕೂತಿರುವುದರಿಂದ ಈ ಪತ್ರವನ್ನು ವಿವರವಾಗಿ ಬರೆಯಬೇಕಾಗಿದೆ.

ನಮ್ಮ ಅಡುಗೆಕಟ್ಟೆಯ ಉದ್ದಕ್ಕೂ 16 ಆಂಪಿಯರಿನ ಮೂರು ಸಾಕೆಟ್‌ಗಳಿವೆ. ಡಿಬಿಯಲ್ಲಿ, ಅಂದರೆ ಮನೆಯ ವಿದ್ಯುತ್ ಹಂಚುವ ಪೆಟ್ಟಿಗೆಯಲ್ಲಿ, ಈ ಮೂರಕ್ಕೂ ಸೇರಿ ಇದ್ದದ್ದು 16 ಆಂಪಿಯರಿನ ಒಂದೇ ಎಂಸಿಬಿ. ಫ್ರಿಜ್ ಕೂಡ ಇದರಲ್ಲೇ ಬರುತ್ತದೆ. ಬೆಳಿಗ್ಗೆ ಏಳರ ಸುಮಾರಿಗೆ 2000 ವ್ಯಾಟಿನ ಇಂಡಕ್ಷನ್ ಒಲೆ, 1500 ವ್ಯಾಟಿನ ಕೆಟಲ್ ಮತ್ತು ಫ್ರಿಜ್ ಒಟ್ಟಿಗೆ ನಡೆಯುವಾಗ, 230 ವೋಲ್ಟಿನ ಲೆಕ್ಕದಲ್ಲಿ ಸುಮಾರು 16 ಆಂಪಿಯರ್ ಹರಿಯುತ್ತದೆ. ಆಗ ಎಂಸಿಬಿ ಬೀಳದೆ ನಿಲ್ಲುತ್ತದೆ. ಚಟ್ನಿಗೆಂದು 750 ವ್ಯಾಟಿನ ಮಿಕ್ಸಿ ಹಾಕಿದರೆ ಅದು 19ರ ಮೇಲಕ್ಕೆ ಹೋಗುತ್ತದೆ. ಆಗ ಕೆಲವು ದಿನ ಟ್ರಿಪ್ ಆಗುತ್ತದೆ, ಕೆಲವು ದಿನ ಆಗುವುದಿಲ್ಲ. ಹಾಲು ಬಿಸಿಮಾಡಲು ಮೈಕ್ರೋವೇವನ್ನೂ ಹಾಕಿದರೆ ಒಟ್ಟು 25 ಆಂಪಿಯರ್ ಮುಟ್ಟಿ, ಎರಡು ಮೂರು ನಿಮಿಷದೊಳಗೆ ಟ್ರಿಪ್ ಆಗಿಯೇ ತೀರುತ್ತದೆ.

ಒಂದು ದಿನ ಬಿದ್ದು ಇನ್ನೊಂದು ದಿನ ನಿಲ್ಲುವ ಈ ವರ್ತನೆಯನ್ನೇ ಹಿಡಿದುಕೊಂಡು ತಮ್ಮ ಮೇಲ್ವಿಚಾರಕರು "ಎಂಸಿಬಿ ವೀಕ್ ಆಗಿದೆ ಸರ್" ಎಂದು ತೀರ್ಮಾನಿಸಿದರು. ಇದನ್ನು ನಾನು ಒಪ್ಪುವುದಿಲ್ಲ. ಎಂಸಿಬಿ ತನ್ನ ಮೇಲೆ ಬರೆದ ಅಂಕಿಯನ್ನು ದಾಟಿದ ಕ್ಷಣವೇ ಬೀಳುವ ಸಾಧನವಲ್ಲ. ಅದರ ಒಳಗಿನ ಲೋಹದ ಪಟ್ಟಿ ಕಾಯ್ದು ಬಾಗಿದಾಗ ಅದು ಬೀಳುತ್ತದೆ. ಮನೆಬಳಕೆಯ ಎಂಸಿಬಿಗಳ ಮಾನದಂಡದ ಪ್ರಕಾರ, ಅಂಕಿಗಿಂತ ಶೇಕಡಾ 13ರಷ್ಟು ಹೆಚ್ಚು ಹರಿದರೆ ಒಂದು ಗಂಟೆಯವರೆಗೂ ಅದು ಬೀಳಬಾರದು; ಶೇಕಡಾ 45ರಷ್ಟು ಹೆಚ್ಚು ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಇವೆರಡರ ನಡುವೆ ಯಾವಾಗ ಬೀಳುತ್ತದೆ ಎಂಬುದು ಡಿಬಿಯೊಳಗಿನ ಸೆಕೆ, ಲೋಡ್ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ ನಿಂತಿದೆ. ನಮ್ಮ 19 ಆಂಪಿಯರ್ ಸರಿಯಾಗಿ ಈ ನಡುವಿನ ಜಾಗದಲ್ಲಿ ಬರುತ್ತದೆ. 25 ಆಂಪಿಯರ್ ಅದನ್ನು ದಾಟುತ್ತದೆ. ಶಾರ್ಟ್ ಆಗಿದ್ದರೆ ಸ್ವಿಚ್ ಹಾಕಿದೊಡನೆ ಫಟ್ಟನೆ ಬೀಳುತ್ತಿತ್ತು. ಭೂಮಿಗೆ ಸೋರಿಕೆಯಾಗಿ ಬಿದ್ದಿದ್ದರೆ ಬೀಳಬೇಕಾಗಿದ್ದದ್ದು ಸೋರಿಕೆಯನ್ನು ಕಾಯುವ ಪಕ್ಕದ ಆರ್‌ಸಿಸಿಬಿ. ಇಲ್ಲಿ ಕೆಲವು ನಿಮಿಷ ಕಾದು ಎಂಸಿಬಿಯೇ ಬೀಳುತ್ತಿತ್ತು, ಮುಟ್ಟಿದರೆ ಬಿಸಿಯಾಗಿರುತ್ತಿತ್ತು, ಕೂಡಲೇ ಮೇಲೆತ್ತಿದರೆ ನಿಲ್ಲದೆ ತುಸು ಆರಿದ ಮೇಲಷ್ಟೇ ನಿಲ್ಲುತ್ತಿತ್ತು. ಇವೆಲ್ಲ ಓವರ್‌ಲೋಡಿನ ಲಕ್ಷಣಗಳು. ಆ ಎಂಸಿಬಿ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಒಂದು ಅಡುಗೆಮನೆಯ ಇಡೀ ಭಾರವನ್ನು ಒಂದೇ ಸರ್ಕ್ಯೂಟಿಗೆ ಕಟ್ಟಿರುವುದೇ ಇಲ್ಲಿರುವ ದೋಷ, ಮತ್ತು ಅದು ತಮ್ಮ ನಿರ್ಮಾಣದ ದೋಷ.

ಮೊದಲ ಭೇಟಿಯಲ್ಲಿ ತಮ್ಮವರು ಕೊಟ್ಟ ಸಲಹೆಯೆಂದರೆ, ಕೆಟಲ್ ಮತ್ತು ಮೈಕ್ರೋವೇವನ್ನು ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ಊಟದ ಕೋಣೆಯ ಸಾಕೆಟ್ಟಿಗೆ ಹಾಕಿಕೊಳ್ಳಿ ಎಂಬುದು. ಊಟದ ಕೋಣೆಯಲ್ಲಿರುವುದು 6 ಆಂಪಿಯರಿನ ಸಾಕೆಟ್. ಕೆಟಲ್ ಒಂದೇ ಆರೂವರೆ ಆಂಪಿಯರ್ ಎಳೆಯುತ್ತದೆ. ಮೈಕ್ರೋವೇವಿನ 16 ಆಂಪಿಯರಿನ ದಪ್ಪ ಪ್ಲಗ್ ಆ ಬೋರ್ಡಿಗೆ ಹೋಗುವುದೂ ಇಲ್ಲ. ಅದಕ್ಕೆ ಕನ್ವರ್ಟರ್ ಪ್ಲಗ್ ಹಾಕಿಕೊಳ್ಳಿ ಎಂದರು. ದಪ್ಪ ಪಿನ್ ಸಣ್ಣ ಸಾಕೆಟ್ಟಿಗೆ ಹೋಗದಂತೆ ಮಾಡಿರುವುದೇ ಆ ಸಾಕೆಟ್ ಅಷ್ಟು ಭಾರ ಹೊರಲಾರದೆಂದು ತಿಳಿಸಲು. ಕೆಟಲ್ಲನ್ನು ಮಾತ್ರ ಎರಡು ದಿನ ಹಾಗೆ ಬಳಸಿದೆವು. ಸುತ್ತಿಟ್ಟಿದ್ದ ಬೋರ್ಡಿನ ವೈರನ್ನು ಕೈಯಲ್ಲಿ ಹಿಡಿದರೆ ಬಿಸಿಯಾಗಿ ಮೆತ್ತಗಾಗಿತ್ತು, ಅಂದೇ ತೆಗೆದಿಟ್ಟೆವು. ಅದೇ ಬೋರ್ಡನ್ನು ಅಡುಗೆಮನೆಯ ಸಾಕೆಟ್ಟಿಗೆ ಹಾಕಿದ್ದರೂ ಪ್ರಯೋಜನವಿರಲಿಲ್ಲ. ಅದರಿಂದ ಪ್ಲಗ್ ಚುಚ್ಚಲು ನಾಲ್ಕು ಜಾಗ ಹೆಚ್ಚಾಗುತ್ತದೆಯೇ ಹೊರತು ಗೋಡೆಯೊಳಗಿನ ವೈರು ಹೊರುವ ಶಕ್ತಿ ಹೆಚ್ಚಾಗುವುದಿಲ್ಲ.

ಮೇ ತಿಂಗಳ ಎರಡನೇ ಭೇಟಿಯಲ್ಲಿ ತಮ್ಮ ಎಲೆಕ್ಟ್ರಿಷಿಯನ್ 16 ಆಂಪಿಯರಿನ ಎಂಸಿಬಿಯನ್ನು ಕಿತ್ತು ಆ ಜಾಗದಲ್ಲಿ 32 ಆಂಪಿಯರಿನದನ್ನು ಹಾಕಿ, "ಇನ್ನು ಮೇಲೆ ಬೀಳಲ್ಲ" ಎಂದು ಹೇಳಿ, ದೂರು ಬಗೆಹರಿದಿದೆ ಎಂಬ ಚೀಟಿಗೆ ನನ್ನಿಂದ ಸಹಿ ಪಡೆದು ಹೋದರು. ಆ ದಿನ ನನಗೂ ಇದರ ಅರ್ಥ ತಿಳಿದಿರಲಿಲ್ಲ. ಅವರು ಹೇಳಿದಂತೆ ಎಂಸಿಬಿ ಆಮೇಲೆ ಒಮ್ಮೆಯೂ ಬೀಳಲಿಲ್ಲ.

ಜೂನ್ 5ರ ಬೆಳಿಗ್ಗೆ ನನ್ನ ಪತ್ನಿಗೆ ಒಲೆಯ ಮೇಲೆ ಏನೂ ಸೀಯದಿದ್ದರೂ ಸುಟ್ಟ ವಾಸನೆ ಬಂತು. ನೋಡಿದರೆ ನಡುವಿನ ಸಾಕೆಟ್ಟಿನ ಬಿಳಿಯ ಮುಖ ಬಲಗಡೆಯ ತೂತಿನ ಸುತ್ತ ಚಹಾದ ಬಣ್ಣಕ್ಕೆ ತಿರುಗಿ, ಅಂಚು ಕರಗಿ ಒಳಗೆ ಕುಸಿದಿತ್ತು. ಮೇನ್ ಆಫ್ ಮಾಡಿ, ನಮ್ಮ ಖರ್ಚಿನಲ್ಲಿ ಹೊರಗಿನ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಮೂರೂ ಸಾಕೆಟ್‌ಗಳನ್ನು ಬಿಚ್ಚಿಸಿದೆವು. ಡಿಬಿಯಿಂದ ಮೊದಲನೆಯ ಸಾಕೆಟ್ಟಿನವರೆಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಬಂದಿದೆ. ಅಲ್ಲಿಂದ ಎರಡನೆಯದಕ್ಕೂ ಮೂರನೆಯದಕ್ಕೂ ಲೂಪ್ ಮಾಡಿರುವುದು 1.5 ಚದರ ಮಿಲಿಮೀಟರಿನ ವೈರಿನಲ್ಲಿ. ವೈರಿನ ಹೊದಿಕೆಯ ಮೇಲೇ ಅಳತೆ ಅಚ್ಚಾಗಿದೆ, ಫೋಟೋ ಲಗತ್ತಿಸಿದ್ದೇನೆ. ಮಾರಾಟ ಕರಾರಿನ ಜೊತೆಗಿನ ವಿವರಪಟ್ಟಿಯಲ್ಲಿ ಅಡುಗೆಮನೆಯ ಪವರ್ ಪಾಯಿಂಟುಗಳಿಗೆಲ್ಲ 2.5 ಎಂದು ತಾವೇ ನಮೂದಿಸಿದ್ದೀರಿ.

ಗೋಡೆಯ ಪೈಪಿನೊಳಗೆ ಹಾಯುವ 1.5ರ ವೈರು ಸುರಕ್ಷಿತವಾಗಿ ಹೊರುವುದು ಸುಮಾರು 14-15 ಆಂಪಿಯರ್, 2.5ರ ವೈರು ಸುಮಾರು 20. ಎಂಸಿಬಿ ಇರುವುದು ಮಿಕ್ಸಿಯನ್ನೋ ಒಲೆಯನ್ನೋ ಕಾಯಲು ಅಲ್ಲ, ಈ ವೈರನ್ನು ಕಾಯಲು. 32 ಆಂಪಿಯರಿನ ಎಂಸಿಬಿ 36 ಆಂಪಿಯರ್ ಹರಿಯುತ್ತಿದ್ದರೂ ಗಂಟೆಗಟ್ಟಲೆ ಸುಮ್ಮನಿರಬಹುದು; 46 ಆಂಪಿಯರ್ ಹರಿದರೂ ಬೀಳಲು ಅದಕ್ಕೆ ಒಂದು ಗಂಟೆಯವರೆಗೆ ಅವಕಾಶವಿದೆ. ಅಷ್ಟರಲ್ಲಿ 70 ಡಿಗ್ರಿಯವರೆಗಷ್ಟೇ ತಾಳಿಕೊಳ್ಳುವ ಪಿವಿಸಿ ಹೊದಿಕೆ ಗೋಡೆಯೊಳಗೆ, ಯಾರ ಕಣ್ಣಿಗೂ ಬೀಳದಂತೆ ಬೆಂದುಹೋಗುತ್ತದೆ. ನಡುವಿನ ಸಾಕೆಟ್ಟಿನಲ್ಲಿ ಆದದ್ದು ಇದರ ಆರಂಭ. ಮೂರನೆಯ ಸಾಕೆಟ್ಟಿಗೆ ಹೋಗುವ ಕರೆಂಟೂ ಅದರ ಸ್ಕ್ರೂ ಮೂಲಕವೇ ಹಾಯಬೇಕು, ಸ್ಕ್ರೂ ತುಸು ಸಡಿಲವಾಗಿತ್ತು, ಕಾವು ಅಲ್ಲಿ ಕೂಡಿಕೊಂಡಿತು. ಅಲ್ಲಿನ ವೈರಿನ ಕೊನೆಯ ಎರಡು ಇಂಚನ್ನು ಬಗ್ಗಿಸಿದಾಗ ಹೊದಿಕೆ ಒಣಗಿದ ಕಡ್ಡಿಯಂತೆ ಮುರಿದು ಉದುರಿತು. ಮೊದಲಿದ್ದ ಎಂಸಿಬಿಯೇ ಇದ್ದಿದ್ದರೆ ಇಷ್ಟು ಕರೆಂಟನ್ನು ಅಷ್ಟು ಹೊತ್ತು ಅದು ಬಿಡುತ್ತಿರಲಿಲ್ಲ. ಕಾವಲಿಗಿದ್ದ ಸಾಧನವನ್ನೇ ತಮ್ಮವರು ಕಿತ್ತು ಹಾಕಿದರು ಎಂದು ನಾನು ದೂರುತ್ತಿರುವುದು ಇದಕ್ಕಾಗಿ.

ಇನ್ನೂ ಗಂಭೀರವಾದ ವಿಷಯ ಅರ್ಥಿಂಗ್‌ನದು. ಒದ್ದೆ ಕೈಯಲ್ಲಿ ಫ್ರಿಜ್ಜಿನ ಬಾಗಿಲು ಹಿಡಿದರೆ ಜುಮ್ಮೆನ್ನುತ್ತದೆ ಎಂದು ನನ್ನ ತಾಯಿಯವರು ಕಳೆದ ವರ್ಷದಿಂದ ಹೇಳುತ್ತಿದ್ದರು. ವಯಸ್ಸಾದವರ ಕೈ ಜೋಮು ಹಿಡಿಯುತ್ತಿರಬಹುದೆಂದು ನಾವು ಅದನ್ನು ಕಡೆಗಣಿಸಿದೆವು. ಅದಕ್ಕಾಗಿ ಈಗ ನನಗೆ ಬಹಳ ನೋವಿದೆ. ಎಲೆಕ್ಟ್ರಿಷಿಯನ್ ಟೆಸ್ಟ್ ಲ್ಯಾಂಪನ್ನು ಫೇಸ್ ಮತ್ತು ನ್ಯೂಟ್ರಲ್ ನಡುವೆ ಹಿಡಿದಾಗ ಮೂರೂ ಸಾಕೆಟ್ಟಿನಲ್ಲಿ ಬಲ್ಬು ಉರಿಯಿತು. ಫೇಸ್ ಮತ್ತು ಅರ್ಥ್ ನಡುವೆ ಹಿಡಿದರೆ, ಅರ್ಥ್ ಸರಿಯಿದ್ದ ಕಡೆ ಬಲ್ಬು ಉರಿಯಬೇಕು, ಇಲ್ಲವೇ ಆರ್‌ಸಿಸಿಬಿ ಬೀಳಬೇಕು. ಮೊದಲನೆಯದರಲ್ಲಿ ಆರ್‌ಸಿಸಿಬಿ ಬಿತ್ತು. ಎರಡನೆಯದರಲ್ಲೂ ಮೂರನೆಯದರಲ್ಲೂ ಬಲ್ಬೂ ಉರಿಯಲಿಲ್ಲ, ಆರ್‌ಸಿಸಿಬಿಯೂ ಬೀಳಲಿಲ್ಲ. ನಡುವಿನ ಬಾಕ್ಸಿನ ಹಿಂದೆ, ಮೊದಲನೆಯದರಿಂದ ಬಂದ ಹಸಿರು ವೈರನ್ನು ಕತ್ತರಿಸಿ, ಕಪ್ಪು ಟೇಪು ಸುತ್ತಿ ಮೂಲೆಗೆ ಮಡಚಿ ತುರುಕಲಾಗಿತ್ತು. ಎರಡನೆಯ ಮತ್ತು ಮೂರನೆಯ ಸಾಕೆಟ್ಟಿನ ಅರ್ಥ್ ಪಿನ್‌ಗಳು ಒಂದಕ್ಕೊಂದು ಸೇರಿವೆ, ಆದರೆ ಭೂಮಿಯನ್ನು ಸೇರಿಲ್ಲ.

ಇದರ ಪರಿಣಾಮವೆಂದರೆ, ನಡುವಿನ ಸಾಕೆಟ್ಟಿನ ಮೈಕ್ರೋವೇವಿನಲ್ಲಿ ಸಹಜವಾಗಿ ಇರುವ ಸಣ್ಣ ಸೋರಿಕೆ ಭೂಮಿಗೆ ಇಳಿಯಲಾರದೆ, ಅದೇ ಹಸಿರು ವೈರಿನ ಮೂಲಕ ಮೂರನೆಯ ಸಾಕೆಟ್ಟಿನ ಫ್ರಿಜ್ಜಿನ ಮೈಗೆ ಬರುತ್ತಿತ್ತು. ನಾಳೆ ಇಂಡಕ್ಷನ್ನಿನಲ್ಲೋ ಮೈಕ್ರೋವೇವಿನಲ್ಲೋ ನಿಜವಾದ ದೋಷ ಕಾಣಿಸಿಕೊಂಡರೆ ಪೂರ್ತಿ 230 ವೋಲ್ಟ್ ಫ್ರಿಜ್ಜಿನ ಹಿಡಿಯ ಮೇಲೆ ಬಂದು ನಿಲ್ಲುತ್ತದೆ. ಡಿಬಿಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯಲ್ಲ ಎಂದು ತಾವು ಹೇಳಬಹುದು. ಅರ್ಥ್ ಇದ್ದಾಗ ದೋಷ ಬಂದ ಕೂಡಲೇ ಸೋರಿಕೆ ಭೂಮಿಗೆ ಹರಿದು, ಯಾರೂ ಮುಟ್ಟುವ ಮೊದಲೇ ಅದು ಬೀಳುತ್ತದೆ. ಅರ್ಥ್ ಇಲ್ಲದಿದ್ದಾಗ ಸೋರಿಕೆಗೆ ದಾರಿ ಸಿಗುವುದೇ ಒಬ್ಬ ಮನುಷ್ಯ ಮುಟ್ಟಿದ ಮೇಲೆ. ಆ ಮನುಷ್ಯ ನಮ್ಮ ಮನೆಯಲ್ಲಿ ನನ್ನ ತಾಯಿಯಾಗಿರುವ ಸಂಭವವೇ ಹೆಚ್ಚು.

ಸದ್ಯಕ್ಕೆ ನಾವು 32ರ ಎಂಸಿಬಿಯನ್ನು ತೆಗೆಸಿ 16 ಆಂಪಿಯರಿನದನ್ನೇ ಮತ್ತೆ ಹಾಕಿಸಿದ್ದೇವೆ. ಎರಡನೆಯ, ಮೂರನೆಯ ಸಾಕೆಟ್‌ಗಳ ಸಂಪರ್ಕ ಬಿಡಿಸಿದ್ದೇವೆ. ಫ್ರಿಜ್ ನಡುಮನೆಯಲ್ಲಿದೆ. ಉಳಿದ ಒಂದೇ ಸಾಕೆಟ್ಟಿನಲ್ಲಿ ಒಂದಾದ ಮೇಲೊಂದು ಉಪಕರಣ ಬಳಸಿ ಅಡುಗೆ ನಡೆಸುತ್ತಿದ್ದೇವೆ. ತೆಗೆದ ಎಂಸಿಬಿ, ಕರಗಿದ ಸಾಕೆಟ್ ಮತ್ತು ವೈರಿನ ತುಂಡನ್ನು ಇಟ್ಟುಕೊಂಡಿದ್ದೇನೆ.

ತಾವು ಮಾಡಿಕೊಡಬೇಕಾದದ್ದು ಇಷ್ಟು. 1.5ರ ಲೂಪ್ ವೈರನ್ನು ಪೂರ್ತಿ ತೆಗೆದು, ಇಂಡಕ್ಷನ್ ಒಲೆಗೆ ಡಿಬಿಯಿಂದಲೇ ಪ್ರತ್ಯೇಕವಾದ 2.5ರ ವೈರು ಮತ್ತು 16 ಆಂಪಿಯರಿನ ಎಂಸಿಬಿ ಕೊಡಬೇಕು. ಮೈಕ್ರೋವೇವ್ ಮತ್ತು ಕೆಟಲ್ಲಿಗೆ ಅಂಥದೇ ಇನ್ನೊಂದು ಸರ್ಕ್ಯೂಟ್ ಬೇಕು. ಮಿಕ್ಸಿ ಮತ್ತು ಫ್ರಿಜ್ ಈಗಿರುವ ಮೊದಲನೆಯ ಸರ್ಕ್ಯೂಟಿನಲ್ಲಿ ಉಳಿಯಬಹುದು. ಹೀಗೆ ಹಂಚಿದರೆ ಯಾವುದೂ 13 ಆಂಪಿಯರ್ ದಾಟುವುದಿಲ್ಲ. ಡಿಬಿಯಲ್ಲಿ ಎರಡು ಖಾಲಿ ಜಾಗಗಳಿರುವುದರಿಂದ ಅದನ್ನು ಬದಲಿಸುವ ಅಗತ್ಯವಿಲ್ಲ. ಹಸಿರು ವೈರು ಪ್ರತಿ ಸಾಕೆಟ್ಟಿನಿಂದ ಡಿಬಿಯ ಅರ್ಥ್ ಪಟ್ಟಿಯವರೆಗೆ ಎಲ್ಲಿಯೂ ತುಂಡಾಗದೆ ಇದೆಯೆಂದು ನಮ್ಮ ಎದುರಿನಲ್ಲೇ ಪರೀಕ್ಷಿಸಿ, ಅಳತೆಗಳನ್ನು ಬರೆದ ವರದಿಗೆ ಪರವಾನಗಿ ಉಳ್ಳವರು ಸಹಿ ಹಾಕಿ ಕೊಡಬೇಕು. ಮೇ ತಿಂಗಳಲ್ಲಿ ನನ್ನಿಂದ ಪಡೆದ "ಬಗೆಹರಿದಿದೆ" ಎಂಬ ಚೀಟಿಯನ್ನು ರದ್ದುಪಡಿಸಬೇಕು. ನಮ್ಮ ಬ್ಲಾಕಿನ ಎಲ್ಲ ಫ್ಲ್ಯಾಟುಗಳ ವೈರಿಂಗನ್ನೂ ಒಂದೇ ತಂಡ ಮಾಡಿರುವುದರಿಂದ, ಉಳಿದ ಅಡುಗೆಮನೆಗಳ ನಡುವಿನ ಬಾಕ್ಸುಗಳನ್ನೂ ಬಿಚ್ಚಿ ನೋಡಬೇಕೆಂದು ಒತ್ತಾಯಿಸುತ್ತೇನೆ. ಹಸಿರು ವೈರು ಕತ್ತರಿಸಿರುವುದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ರಿಯಲ್ ಎಸ್ಟೇಟ್ ನಿಯಂತ್ರಣದ ರೇರಾ ಕಾಯ್ದೆಯ 14ನೇ ಸೆಕ್ಷನ್ನಿನ ಪ್ರಕಾರ, ಸ್ವಾಧೀನದಿಂದ ಐದು ವರ್ಷದೊಳಗೆ ಗಮನಕ್ಕೆ ತಂದ ಕಾಮಗಾರಿಯ ದೋಷವನ್ನು ನಿರ್ಮಾಣ ಸಂಸ್ಥೆ 30 ದಿನದೊಳಗೆ ಬೇರೆ ಶುಲ್ಕವಿಲ್ಲದೆ ಸರಿಪಡಿಸಬೇಕು. ನಮಗಿನ್ನೂ ಮೂರು ವರ್ಷವೂ ತುಂಬಿಲ್ಲ. ಈ ಪತ್ರವನ್ನು ಆ ಸೂಚನೆಯೆಂದೇ ಪರಿಗಣಿಸಿ, ಕೆಲಸಕ್ಕೆ ಬರುವ ದಿನಾಂಕವನ್ನು ಒಂದು ವಾರದೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಅವಧಿ ಮೀರಿದರೆ ಇದೇ ದಾಖಲೆಗಳೊಂದಿಗೆ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ದೂರು ಸಲ್ಲಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಬಿ-304ನೇ ಫ್ಲ್ಯಾಟಿನ ಮಾಲೀಕ

ಲಗತ್ತು: ಸಾಕೆಟ್, ವೈರು ಮತ್ತು ಕತ್ತರಿಸಿದ ಹಸಿರು ವೈರಿನ ಫೋಟೋಗಳು, ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಟಿಪ್ಪಣಿ, ಮಾರಾಟ ಕರಾರಿನ ವಿವರಪಟ್ಟಿಯ ಪ್ರತಿ.